ಗುಂಗುರು ಕೂದಲಿನ ಅಂಚು ಮತ್ತು ಹಸಿರು ಛಾಯೆ

ಪ್ರಶ್ನೆ: ತಂಗಿಯ ಫೋಟೊ ಮಾವಿನ ಮರದ ಎದುರು ತೆಗೆದದ್ದು. ಅವಳದು ಗುಂಗುರು ಕೂದಲು. ಫೋಟೊಶಾಪ್‌ನಲ್ಲಿ ಹಿನ್ನೆಲೆ ತೆಗೆದು ತಿಳಿ ಬೂದು ಬಣ್ಣ ಹಾಕಿದರೆ ಕೂದಲು ಕತ್ತರಿಯಲ್ಲಿ ಕತ್ತರಿಸಿದ ಹಾಗಿರುತ್ತದೆ, ಸುತ್ತ ಹಸಿರು ಉಳಿಯುತ್ತದೆ. ಏನು ಮಾಡಲಿ?

ಉತ್ತರ: ಭುಜ, ಕುತ್ತಿಗೆ, ತೋಳುಗಳ ಅಂಚು ಗಟ್ಟಿ, ಕೂದಲಿನದು ಅರೆಪಾರದರ್ಶಕ. ಎರಡನ್ನೂ ಒಂದೇ ಸಾಧನದಿಂದ ಬಿಡಿಸಲು ಹೋದಾಗಲೇ ಹೀಗಾಗುವುದು.

ಮೊದಲು ಕೂದಲು. Channels ಫಲಕದಲ್ಲಿ Red, Green, Blue ಒಂದೊಂದನ್ನೂ ತೆರೆದು ನೋಡಿ. ಬಿಸಿಲು ಬಿದ್ದ ಎಲೆ ಸಾಮಾನ್ಯವಾಗಿ Green ಚಾನೆಲ್‌ನಲ್ಲಿ ಹೆಚ್ಚು ಬೆಳ್ಳಗೆ, Blue ಚಾನೆಲ್‌ನಲ್ಲಿ ಕಪ್ಪಗೆ ಕಾಣುತ್ತದೆ. ಕಪ್ಪು ಕೂದಲು ಮೂರರಲ್ಲೂ ಕಪ್ಪೇ. ಹಾಗಾಗಿ ನಿಮ್ಮ ಚಿತ್ರಕ್ಕೆ Green ಸರಿಹೊಂದಬೇಕು. ಅದರ ಪ್ರತಿ ಮಾಡಿ, ಆ ಪ್ರತಿಯ ಮೇಲೆಯೇ Ctrl+I ಒತ್ತಿ. ಕೂದಲು ಬಿಳಿ, ಎಲೆ ಕಪ್ಪು ಬಣ್ಣಕ್ಕೆ ತಿರುಗುತ್ತವೆ. ಆಮೇಲೆ Ctrl+L ಒತ್ತಿ ಎರಡೂ ತುದಿಯ ಗುಂಡಿಗಳನ್ನು ಒಳಕ್ಕೆ ಸರಿಸಿ. ಇಲ್ಲಿ ಆಸೆ ಬೇಡ: ತೆಳು ಎಳೆಗಳು ಬೂದಾಗಿಯೇ ಉಳಿಯಬೇಕು. ಈ ಪ್ರತಿಯೇ ಕೊನೆಗೆ ಲೇಯರ್‌ನ ಯಾವ ಭಾಗ ಕಾಣಬೇಕೆಂದು ತೀರ್ಮಾನಿಸುವ ಮಾಸ್ಕ್ ಆಗುತ್ತದೆ; ಮಾಸ್ಕ್‌ನಲ್ಲಿ ಬೂದು ಎಂದರೆ ಅರ್ಧ ಕಾಣುವುದು ಎಂದರ್ಥ. ಅದನ್ನು ಪೂರ್ತಿ ಬಿಳಿ ಮಾಡಿದರೆ ಎಳೆ ತಂತಿಯಂತಾಗುತ್ತದೆ, ಪೂರ್ತಿ ಕಪ್ಪು ಮಾಡಿದರೆ ಮಾಯವಾಗುತ್ತದೆ. ಉಳಿದ ಹಿನ್ನೆಲೆಯ ಕಲೆಗಳನ್ನು Overlay ವಿಧದ ಕಪ್ಪು ಬ್ರಷ್‌ನಿಂದ ಹಗುರವಾಗಿ ಒರೆಸಿ. ಅಚ್ಚ ಬಿಳಿಯಾದ ಕೂದಲನ್ನು ಅದು ಮುಟ್ಟುವುದಿಲ್ಲ.

ಈಗ ದೇಹ. ಪೆನ್ ಸಾಧನದಿಂದ ಅಂಚಿಗಿಂತ ಒಂದು ಪಿಕ್ಸೆಲ್ ಒಳಗೆ ಗೆರೆ ಎಳೆಯಿರಿ. ತಲೆಯ ಹತ್ತಿರ ಗೆರೆ ದಟ್ಟ ಕೂದಲಿನ ಒಳಗೇ ಹಾಯಲಿ. Ctrl+Enter ಒತ್ತಿ ಆಯ್ಕೆ ಮಾಡಿ, 0.5 ಪಿಕ್ಸೆಲ್ Feather ಕೊಟ್ಟು, ಅದೇ ಚಾನೆಲ್ ಪ್ರತಿಯಲ್ಲಿ ಬಿಳಿ ತುಂಬಿ. ಆಯ್ಕೆ ಬಿಟ್ಟು, ಭುಜದ ಹೊರಗೆ ಉಳಿದ ಬಿಳಿಯನ್ನು ಮಾತ್ರ ಕಪ್ಪು ಮಾಡಿ. ಕೊನೆಗೆ ಆ ಚಾನೆಲ್ ಮೇಲೆ Ctrl ಒತ್ತಿ ಕ್ಲಿಕ್ ಮಾಡಿ, RGBಗೆ ಮರಳಿ, ಲೇಯರ್‌ಗೆ ಮಾಸ್ಕ್ ಹಾಕಿ.

ಹಸಿರು ಅಂಚು ಮಾಸ್ಕ್‌ನ ತಪ್ಪಲ್ಲ. ಎಲೆಯ ಬಣ್ಣ ಎಳೆಗಳಲ್ಲಿ ಬೆರೆತಿದೆ. ಮಾಸ್ಕ್ ಬಿಗಿ ಮಾಡುತ್ತ ಹೋದರೆ ಕೂದಲು ಸವೆಯುತ್ತದೆಯೇ ಹೊರತು ಹಸಿರು ಹೋಗುವುದಿಲ್ಲ. ಮೇಲೊಂದು ಖಾಲಿ ಲೇಯರ್ ಇಟ್ಟು Ctrl+Alt+Gಯಿಂದ ಕೆಳಗಿನದಕ್ಕೆ ಕಟ್ಟಿ, ಅದರ ವಿಧ Color ಮಾಡಿ, ಕೂದಲಿನ ಒಳಭಾಗದಿಂದಲೇ ತೆಗೆದ ಬಣ್ಣವನ್ನು ಅಂಚಿಗೆ ಬಳಿಯಿರಿ. Color ಬಣ್ಣವನ್ನಷ್ಟೇ ಬದಲಿಸುತ್ತದೆ, ಹೊಳಪನ್ನಲ್ಲ. ಅಂಚು ಇನ್ನೂ ಬೆಳ್ಳಗಿದ್ದರೆ ಇನ್ನೊಂದು ಲೇಯರ್‌ನಲ್ಲಿ Multiply ಬಳಸಿ.

ನೀವು ಆರಿಸಿದ ತಿಳಿ ಬೂದು ಒಳ್ಳೆಯದೇ: ಬೆಳಕಿನ ಎಲೆಗಳ ಎದುರಿನ ಕೂದಲು ಗಾಢ ಹಿನ್ನೆಲೆಗೆ ಹೋದರೆ ಸುತ್ತ ಬಿಳಿ ಪ್ರಭೆ ಎದ್ದು ಕಾಣುತ್ತದೆ. ಕೂದಲಿನ ಹಿಂದೆ ಮರದ ಕಾಂಡದ ಕಪ್ಪು ನೆರಳು ಇರುವ ಕಡೆ ಮಾತ್ರ ಯಾವ ಚಾನೆಲೂ ಎರಡನ್ನೂ ಬೇರ್ಪಡಿಸದು. ಅಲ್ಲಿ ಮಾಸ್ಕನ್ನು ದಟ್ಟ ಕೂದಲಿನವರೆಗೆ ಹಿಂದೆ ಸರಿಸಿ, ಹೊಸ ಲೇಯರ್‌ನಲ್ಲಿ 1-2 ಪಿಕ್ಸೆಲ್ ಬ್ರಷ್‌ನಿಂದ ಹತ್ತಾರು ಸುರುಳಿ ಎಳೆಗಳನ್ನು ಕೈಯಿಂದಲೇ ಬರೆಯಿರಿ.