"ಎಲ್ಲಾ ಹಾರ್ಮೋನ್ ಕಣೇ" ಅಂದಿದ್ದಕ್ಕೆ ಅತ್ತ ಗರ್ಭಿಣಿ: ಒಂದು ಆಪ್ತಸಲಹೆ ಪ್ರಕರಣ

ಹೆಸರು, ಕೆಲಸ, ಗುರುತು ಸಿಗೋ ವಿವರ ಎಲ್ಲಾ ತೆಗೆದಿದ್ದೀನಿ, ಈಕೆಯ ಒಪ್ಪಿಗೆ ತಗೊಂಡೇ ಬರೀತಿರೋದು. ಇಪ್ಪತ್ತೊಂಬತ್ತು ವರ್ಷ, ಮೊದಲನೇ ಗರ್ಭ, ನನ್ನ ಹತ್ರ ಬಂದಾಗ 24ನೇ ವಾರ. ಆಫೀಸಲ್ಲಿ ಲೆಕ್ಕಪತ್ರ ನೋಡ್ಕೊಳೋರು, ಒಂದು ಅಂಕಿ ತಪ್ಪಿದ್ರೂ ಹಿಡಿಯೋರು ಅಂತ ಹೆಸರು ಮಾಡಿದವರು. ಅಂಥವರು ಒಲೆ ಆಫ್ ಮಾಡದೆ ಸ್ನಾನಕ್ಕೆ ಹೋಗ್ಬಿಟ್ಟಿದ್ರು, ಪಾತ್ರೆ ಸೀದು ಮನೆ ತುಂಬಾ ಹೊಗೆ. ಗಂಡ ಬೈಲಿಲ್ಲ, "ಎಲ್ಲಾ ಹಾರ್ಮೋನ್ ಕಣೇ, ತಲೆ ಕೆಡಿಸ್ಕೋಬೇಡ" ಅಂದ್ರಂತೆ. ಅದಕ್ಕೇ ಎರಡು ಗಂಟೆ ಅತ್ತಿದಾರೆ.

ನನ್ನ ಮುಂದೆ ಕೂತು ಹೇಳಿದ್ದು ಇಷ್ಟು: "ಮೇಡಂ, ಒಲೆ ಮರೆತವಳು ನಾಳೆ ಮಗೂನೂ ಎಲ್ಲೋ ಮರೆತುಬಿಟ್ರೆ?"

ಈ ಭಯ ನಾನು ತುಂಬಾ ಜನರ ಬಾಯಲ್ಲಿ ಕೇಳಿದ್ದೀನಿ, ಆದ್ರೆ ಯಾರೂ ಮೊದಲ ಮಾತಲ್ಲೇ ಹೇಳಲ್ಲ. ಹಾಗಾಗಿ ಅಲ್ಲಿಂದಾನೇ ಶುರು ಮಾಡಿದೆ. ಗರ್ಭಿಣಿಯರಲ್ಲಿ ನೆನಪು ಸ್ವಲ್ಪ ಕುಗ್ಗೋದು ನಿಜ, ಕೊನೇ ಮೂರು ತಿಂಗಳಲ್ಲಿ ಜಾಸ್ತಿ ಕಾಣುತ್ತೆ, ಆದ್ರೆ ಟೆಸ್ಟ್ ಮಾಡಿ ನೋಡಿದ್ರೆ ಹೆಚ್ಚಿನವರದು ಮಾಮೂಲಿ ಮಿತಿಯೊಳಗೇ ಇರುತ್ತೆ. ತಪ್ಪೋದು ಮುಖ್ಯವಾಗಿ "ಆಮೇಲೆ ಇದನ್ನ ಮಾಡ್ಬೇಕು" ಅಂತ ಇಟ್ಕೊಂಡ ನೆನಪು. ಒಲೆ, ಮಾತ್ರೆ, ಫೋನ್ ಮಾಡ್ತೀನಿ ಅಂದಿದ್ದು, ಇಂಥವು. ಕಲಿತಿದ್ದು, ಗೊತ್ತಿರೋದು, ಬುದ್ಧಿ, ಅದೆಲ್ಲ ಇದ್ದಲ್ಲೇ ಇರುತ್ತೆ. ಮಗು ಅಂತೂ ಒಲೆ ಥರ ಸುಮ್ನೆ ಕೂರಲ್ಲ, ಅತ್ತು ಕರೆಯುತ್ತೆ ಅಂದೆ, ಆಗ ಸ್ವಲ್ಪ ಉಸಿರು ಬಿಟ್ರು.

ಇನ್ನು ಗಂಡ ಹೇಳಿದ ಹಾರ್ಮೋನ್ ವಿಷ್ಯ. ಅವರು ಹೇಳಿದ್ದು ಅರ್ಧ ಸರಿ. ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎರಡೂ ಗರ್ಭದಲ್ಲಿ ಬೇರೆ ಯಾವ ಕಾಲದಲ್ಲೂ ಇಲ್ಲದಷ್ಟು ಏರುತ್ವೆ, ಪ್ರೊಜೆಸ್ಟರಾನ್ ಒಡೆದಾಗ ಹುಟ್ಟೋ ಒಂದು ವಸ್ತು ಮಿದುಳಲ್ಲಿ "ಶಾಂತವಾಗು" ಅನ್ನೋ ಸಂಕೇತ ಹಿಡಿಯೋ ಜಾಗಗಳ ಮೇಲೇ ನೇರವಾಗಿ ಕೆಲಸ ಮಾಡುತ್ತೆ, ಇದರ ಏರಿಳಿತಕ್ಕೆ ಕೆಲವರು ಜಾಸ್ತಿ ಸ್ಪಂದಿಸ್ತಾರೆ, ಕೆಲವರಿಗೆ ಏನೂ ಅನ್ಸಲ್ಲ. ಆದ್ರೆ ಹಾರ್ಮೋನ್ ಅಳುವಿಗೆ ಕಾರಣ ಹುಟ್ಟಿಸಲ್ಲ, ತಡೆಯೋ ಕಟ್ಟೆಯನ್ನ ತಗ್ಗಿಸುತ್ತೆ ಅಷ್ಟೇ. ಈಕೆ ಅವತ್ತು ಅತ್ತಿದ್ದು ಹೆದರಿದ್ದಕ್ಕೆ, ಆ ಹೆದರಿಕೆ ನಿಜವಾದದ್ದು. "ಹಾರ್ಮೋನ್" ಅಂದ ತಕ್ಷಣ ಆ ಹೆದರಿಕೆ ಬಗ್ಗೆ ಮಾತೇ ನಿಂತುಹೋಯ್ತು.

ಖಿನ್ನತೆ ಇರಬಹುದಾ ಅಂತ ನೋಡೋ ಎಡಿನ್‌ಬರೋ ಪ್ರಶ್ನಾವಳಿ ಕೊಟ್ಟೆ, ಕಳೆದ 7 ದಿನದ ಬಗ್ಗೆ 10 ಪ್ರಶ್ನೆ, ಗರಿಷ್ಠ 30 ಅಂಕ. 13 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ನಾನು ಮನೋವೈದ್ಯರ ಹತ್ರ ಕಳಿಸ್ತೀನಿ. ಕೊನೇ ಪ್ರಶ್ನೆ ತನಗೆ ಹಾನಿ ಮಾಡ್ಕೊಳೋ ಯೋಚನೆ ಬಗ್ಗೆ, ಅದರಲ್ಲಿ ಒಂದು ಅಂಕ ಬಂದ್ರೂ ಮಿಕ್ಕ ಅಂಕ ಎಷ್ಟೇ ಇರಲಿ ಅವತ್ತೇ ಕಳಿಸ್ತೀನಿ. ಈಕೆಗೆ 11, ಕೊನೇದಕ್ಕೆ ಸೊನ್ನೆ. ನಡುವಿನ ಅಂಕ, ಹಾಗಾಗಿ ಎರಡು ವಾರ ಬಿಟ್ಟು ಮತ್ತೆ ಮಾಡೋಣ ಅಂದೆ, ಅಷ್ಟರಲ್ಲಿ ಎರಡು ಕೆಲಸ ಕೊಟ್ಟೆ. ಒಂದು, ಹೆರಿಗೆ ಡಾಕ್ಟರ್ ಹತ್ರ ಹೇಳಿ ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿ. ಸುಸ್ತು, ಮರೆವು, ಅಳು ಈ ಮೂರನ್ನೂ ರಕ್ತಹೀನತೆ, ಥೈರಾಯ್ಡ್ ಎರಡೂ ತರಬಲ್ಲವು, ಗರ್ಭ ಅಂದ್ರೆ ಹೀಗೇ ಅಂದ್ಕೊಂಡು ಇವನ್ನ ಬಿಟ್ಟುಬಿಡೋದು ನನಗೆ ಬೇಜಾರು ತರಿಸೋ ವಿಷ್ಯ. ಎರಡು, ಅತ್ತಾಗೆಲ್ಲ ಒಂದು ಸಾಲು ಬರೀರಿ: ಎಷ್ಟು ಗಂಟೆ, ಹಿಂದಿನ ರಾತ್ರಿ ಎಷ್ಟು ನಿದ್ದೆ, ಕೊನೇ ಸಲ ತಿಂದಿದ್ದು ಯಾವಾಗ, ಅದಕ್ಕೆ ಮುಂಚೆ ಏನಾಯ್ತು.

ಎರಡು ವಾರ ಆದ್ಮೇಲೆ ಚೀಟಿ ತಂದ್ರು. 14 ದಿನದಲ್ಲಿ 11 ಸಲ ಅಳು. ಅದರಲ್ಲಿ 8 ಸಂಜೆ ಐದರಿಂದ ಏಳರ ಒಳಗೆ, ಮಧ್ಯಾಹ್ನದ ಊಟ ಆದ್ಮೇಲೆ ಏನೂ ತಿಂದಿರ್ಲಿಲ್ಲ, ಹಿಂದಿನ ರಾತ್ರಿ ಐದು ಗಂಟೆಗಿಂತ ಕಮ್ಮಿ ನಿದ್ದೆ. ಆಫೀಸಿಂದ ಬಂದು ಗಂಡ "ಇವತ್ತೇನಾಯ್ತು" ಅಂತ ಕೇಳೋ ಹೊತ್ತೂ ಅದೇ. ಕಾಗದದ ಮೇಲೆ ನೋಡಿ "ನಾನು ದಿನಾ ಪೂರ್ತಿ ಅಳ್ತೀನಿ ಅಂದ್ಕೊಂಡಿದ್ದೆ" ಅಂದ್ರು.

ಹಿಮೋಗ್ಲೋಬಿನ್ 9.8, ಅಂದ್ರೆ ಕಮ್ಮಿ. ಥೈರಾಯ್ಡ್ ಸರಿ ಇತ್ತು. ಐರನ್ ಮಾತ್ರೆ ಕೊಟ್ಟಿದ್ರಲ್ವಾ ಅಂತ ಕೇಳಿದ್ರೆ, ತಗೊಂಡ್ನೋ ಇಲ್ವೋ ನೆನಪಾಗದೆ, ಎರಡು ಸಲ ಆದ್ರೆ ಅಂತ ಹೆದರಿ ಬಿಟ್ಟುಬಿಡ್ತಿದ್ರಂತೆ. ಅಂದ್ರೆ ಮರೆವಿಂದ ಮಾತ್ರೆ ತಪ್ಪಿದೆ, ಮಾತ್ರೆ ತಪ್ಪಿ ಸುಸ್ತು ಹೆಚ್ಚಿದೆ, ಸುಸ್ತಿಂದ ಮರೆವು ಹೆಚ್ಚಿದೆ. ಈ ಕೇಸಲ್ಲಿ ಹಿಡಿಯಬೇಕಾದ ತುದಿ ಇದೇ ಆಗಿತ್ತು.

ಪರಿಹಾರ ತೀರಾ ಸರಳ. ಮಾತ್ರೆ ಶೀಟಿನ ಹಿಂದೆ ಒಂದೊಂದು ಮಾತ್ರೆಗೂ ಮಾರ್ಕರಲ್ಲಿ ತಾರೀಕು ಬರೀರಿ, ಆ ತಾರೀಕಿನ ಗುಂಡಿ ಖಾಲಿ ಇದ್ರೆ ತಗೊಂಡಿದ್ದೀರಿ, ನೆನಪನ್ನ ಕೇಳೋದೇ ಬೇಡ. ಒಂದು ದಿನ ತಪ್ಪಿದ್ರೆ ಮಾರನೇ ದಿನ ಎರಡು ನುಂಗ್ಬೇಡಿ. ಶೀಟನ್ನ ಹಲ್ಲುಜ್ಜೋ ಬ್ರಷ್ ಪಕ್ಕ ಇಡೋಕೆ ಹೇಳಿದೆ, ಯಾಕಂದ್ರೆ ದಿನಾ ಹೇಗೂ ಮಾಡೋ ಕೆಲಸಕ್ಕೆ ಹೊಸ ಕೆಲಸ ಅಂಟಿಸಿದ್ರೆ ಮಾತ್ರ ಉಳಿಯುತ್ತೆ, ಫೋನಲ್ಲಿ ಹತ್ತು ಅಲಾರಂ ಇಟ್ರೆ ಮೂರನೇ ದಿನದಿಂದ ಕೈ ತಾನಾಗೇ ಆಫ್ ಮಾಡಿಬಿಡುತ್ತೆ. ಒಲೆಗೆ ಇನ್ನೊಂದು: ಒಲೆ ಉರೀತಿರುವಾಗ ಅಡುಗೆಮನೆಯಿಂದ ಆಚೆ ಬರಲೇಬೇಕು ಅಂದ್ರೆ ಸೌಟು ಕೈಯಲ್ಲೇ ಹಿಡ್ಕೊಂಡು ಬನ್ನಿ. ಸೌಟು ಹಿಡ್ಕೊಂಡು ಯಾರೂ ಸ್ನಾನಕ್ಕೆ ಹೋಗಲ್ಲ. ಆಫ್ ಮಾಡುವಾಗ "ಒಲೆ ಆರಿಸ್ದೆ" ಅಂತ ಬಾಯಿ ಬಿಟ್ಟು ಹೇಳಿ, ಆಮೇಲೆ ಮಾಡಿದ್ನಾ ಅನ್ನೋ ಅನುಮಾನ ಕಮ್ಮಿ ಆಗುತ್ತೆ.

ಸಂಜೆಗೆ, ನಾಲ್ಕೂವರೆಗೆ ಏನಾದ್ರೂ ತಿನ್ನೋದು. ಮಧ್ಯಾಹ್ನ ಮೂರರೊಳಗೆ ಅರ್ಧ ಗಂಟೆ ಮಲಗೋದು, ಆಫೀಸ್ ಇರೋ ದಿನ ಮಲಗೋಕೆ ಆಗ್ದಿದ್ರೆ ಕಣ್ಣು ಮುಚ್ಚಿ ಕೂತ್ರೂ ಪರವಾಗಿಲ್ಲ. ರಾತ್ರಿ ನಾಲ್ಕು ಸಲ ಬಾತ್‌ರೂಮಿಗೆ ಏಳ್ತಿದ್ರು, ನೀರು ಕಮ್ಮಿ ಮಾಡ್ಬೇಡಿ, ಹಗಲಿಗೆ ಜಾಸ್ತಿ ಕುಡಿದು ಮಲಗೋಕೆ ಎರಡು ಗಂಟೆ ಮುಂಚೆ ಮಾತ್ರ ಕಮ್ಮಿ ಮಾಡಿ ಅಂದೆ. ನಾಲ್ಕು ಎರಡಾಯ್ತು.

ಗಂಡನ್ನ ಒಂದು ಸಲ ಕರೆಸಿದ್ದೆ. ಒಳ್ಳೇ ಮನುಷ್ಯ, ಸಮಾಧಾನ ಮಾಡೋಕೆ ಅಂತಾನೇ ಆ ಮಾತು ಹೇಳಿದ್ದು. "ಮತ್ತೆ ಏನ್ ಹೇಳ್ಲಿ ಮೇಡಂ?" ಅಂದ್ರು. ಕಾರಣ ಹೇಳ್ಬೇಡಿ, "ಪಕ್ಕದಲ್ಲಿ ಕೂರ್ಲಾ, ಇಲ್ಲಾ ಒಬ್ಬಳೇ ಇರ್ತೀಯಾ" ಅಂತ ಕೇಳಿ, ಅವರು ಹೇಳಿದ್ದನ್ನ ಮಾಡಿ ಅಂದೆ. ಈಕೆಗೂ ಹೇಳಿದೆ, ಅಳು ಬರ್ತಿರುವಾಗ ಯಾವ ಜಗಳಾನೂ ತೀರ್ಮಾನ ಮಾಡ್ಬೇಡಿ, ಆದ್ರೆ ಬಿಟ್ಟೂ ಬಿಡ್ಬೇಡಿ, ಒಂದು ಸಾಲು ಬರ್ದಿಟ್ಟು ಮಾರನೇ ದಿನ ಬೆಳಿಗ್ಗೆ ಓದಿ, ಆಗಲೂ ಅದೇ ನೋವು ಇದ್ರೆ ಮಾತಾಡಿ. ಅವರ ಚೀಟಿಯಲ್ಲಿ ಹಾಗೆ ಉಳಿದಿದ್ದು ಮೂರು ವಿಷ್ಯ, ಒಂದು ಹೆರಿಗೆ ಆದ್ಮೇಲೆ ರಾತ್ರಿ ಮಗು ನೋಡ್ಕೊಳೋರು ಯಾರು ಅನ್ನೋದು. ಅದನ್ನ ಇಬ್ಬರೂ ನನ್ನೆದುರೇ ಕೂತು ಮಾತಾಡಿದ್ರು.

ಎರಡನೇ ಸಲ ಅಂಕ 7. ಒಂದು ತಿಂಗಳು ಮಾತ್ರೆ ಸರಿಯಾಗಿ ತಗೊಂಡ್ಮೇಲೆ ಹಿಮೋಗ್ಲೋಬಿನ್ 10.6. ಅಳು ಪೂರ್ತಿ ನಿಂತಿಲ್ಲ, ವಾರಕ್ಕೆ ಎರಡು ಸಲ ಬರುತ್ತೆ, ಅರ್ಧ ಗಂಟೇಲಿ ಹೋಗುತ್ತೆ. ಅಳು ಬಂದು ಹೋಗ್ತಿದ್ರೆ, ನಡುವೆ ನಗುವೂ ಇದ್ರೆ ನನಗೆ ಚಿಂತೆ ಕಮ್ಮಿ. ಎರಡು ವಾರ ಬಿಡದೆ ಮಂಕು ಕವಿದು, ಇಷ್ಟವಾಗಿದ್ದೂ ಬೇಡ ಅನ್ನಿಸಿ, ಬಾತ್‌ರೂಮಿಗೆ ಏಳೋ ಗಲಾಟೆ ಇಲ್ಲದ ರಾತ್ರೀಲೂ ನಿದ್ದೆ ಬರ್ದಿದ್ರೆ ಅದು ಬೇರೆ, ಅದಕ್ಕೆ ಸೌಟು, ಚೀಟಿ ಸಾಲಲ್ಲ, ಡಾಕ್ಟರ್ ಬೇಕು. ಮೊದಲಿಂದ ಖಿನ್ನತೆ ಮಾತ್ರೆ ತಗೋತಿದ್ದೋರು ಗರ್ಭ ಅಂತ ತಾವಾಗೇ ನಿಲ್ಲಿಸ್ಬಾರ್ದು, ಕೇಳಿಯೇ ಬದಲಿಸ್ಬೇಕು.

ಹೆರಿಗೆ ಆದ ಕೂಡಲೇ ಹಾರ್ಮೋನ್ ಧಡಾರನೆ ಇಳಿದು, ಮೂರು ನಾಲ್ಕನೇ ದಿನದ ಹೊತ್ತಿಗೆ ಹೆಚ್ಚಿನವರಿಗೆ ಮತ್ತೆ ಅಳು ಬರುತ್ತೆ ಅಂತ ಇಬ್ಬರಿಗೂ ಈಗಲೇ ಹೇಳಿದ್ದೀನಿ, ಸಾಮಾನ್ಯವಾಗಿ ಎರಡು ವಾರದೊಳಗೆ ತಾನಾಗೇ ಹೋಗುತ್ತೆ. ಹೋಗದಿದ್ರೆ ಕಾಯೋದು ಬೇಡ ಅಂತ ಹದಿನೈದನೇ ದಿನಕ್ಕೆ ಫೋನ್ ಮಾಡೋ ಕೆಲಸ ಗಂಡನಿಗೆ ಕೊಟ್ಟಿದ್ದೀನಿ, ಅವರು ಅದನ್ನ ಮಾತ್ರೆ ಶೀಟಿನ ಕವರ್ ಮೇಲೇ ಬರ್ಕೊಂಡ್ರು.