ಪುಸ್ತಕದ ಬದನೆಕಾಯಿ, ಹಿತ್ತಲ ಬದನೆಕಾಯಿ

*ಸಂಪಾದಕರಿಗೆ ನಮಸ್ಕಾರ. ಕಳೆದ ಸಂಚಿಕೆಯ ಮಕ್ಕಳ ಪುಟದಲ್ಲಿ ಬಂದ ‘ಬುಟ್ಟಿಯಲ್ಲಿ ಜಗಳ’ ಕತೆ ಓದಿದ ಮೇಲೆ ನನ್ನ ಮೊಮ್ಮಗಳು ಬದನೆಕಾಯಿ ಹಣ್ಣು ಅಂತ ಹಟ ಹಿಡಿದಿದ್ದಾಳೆ. ಪರೀಕ್ಷೆಯಲ್ಲೂ ಹಾಗೇ ಬರೆದು ಒಂದು ಅಂಕ ಕಳೆದುಕೊಂಡಳು. ಒಳಗೆ ಬೀಜ ಇದ್ದ ಮಾತ್ರಕ್ಕೆ ಹಣ್ಣಾಗುತ್ತದೆಯೇ? ನಾನು 34 ವರ್ಷ ಮಕ್ಕಳಿಗೆ ಪಾಠ ಹೇಳಿದವನು. ತರಕಾರಿ ತರಕಾರಿಯೇ. ಮಕ್ಕಳ ತಲೆ ಕೆಡಿಸುವ ಇಂಥ ಕತೆ ಯಾಕೆ ಹಾಕುತ್ತೀರಿ?*
*— ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ ತಾಲ್ಲೂಕು*

ಮೇಷ್ಟ್ರೇ, ನಮಸ್ಕಾರ. ಮೊಮ್ಮಗಳ ಒಂದು ಅಂಕ ಹೋದದ್ದಕ್ಕೆ ನನಗೂ ಬೇಜಾರಿದೆ. ಆದರೆ ಆ ಹುಡುಗಿ ಹಟ ಹಿಡಿದದ್ದಕ್ಕೆ ಬೇಜಾರಿಲ್ಲ.

ಮೊದಲು ನಿಮ್ಮ ಪಾಲಿನದು ನಿಮಗೆ ಕೊಟ್ಟುಬಿಡುತ್ತೇನೆ. ‘ತರಕಾರಿ’ ಅಡುಗೆಮನೆಯ ಮಾತು. ಸಾರಿಗೆ, ಪಲ್ಯಕ್ಕೆ ಹೋಗುವುದೆಲ್ಲ ತರಕಾರಿ. ಅಮೆರಿಕದಲ್ಲಿ ಇದೇ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಹೊರಗಿನಿಂದ ಬರುವ ತರಕಾರಿಗೆ ಅಲ್ಲಿ ಸುಂಕ ಇತ್ತು, ಹಣ್ಣಿಗೆ ಇರಲಿಲ್ಲ. ವ್ಯಾಪಾರಿಗಳು ಟೊಮೇಟೊ ಹಣ್ಣು ಎಂದರು, ಸುಂಕದವರು ತರಕಾರಿ ಎಂದರು. 1893ರಲ್ಲಿ ಕೋರ್ಟು ಸುಂಕದವರ ಪರ ನಿಂತಿತು. ಸಸ್ಯಶಾಸ್ತ್ರದ ಪ್ರಕಾರ ಅದು ಫಲವೇ ಇರಬಹುದು, ಆದರೆ ಜನ ಅದನ್ನು ಊಟದ ಜೊತೆ ತಿನ್ನುತ್ತಾರೆ, ಊಟದ ಕೊನೆಗೆ ಸಿಹಿಯ ಹಾಗೆ ಅಲ್ಲ ಎಂಬುದು ಕೋರ್ಟಿನ ವಾದ. ಟೊಮೇಟೊ, ಬದನೆ ಒಂದೇ ಕುಲದವು. ಆದ್ದರಿಂದ ಆ ತೀರ್ಪನ್ನು ನಿಮ್ಮ ಜೇಬಿಗೆ ಹಾಕಿಕೊಳ್ಳಿ. ನಿಮ್ಮ ಪರವಾಗಿ ಹೇಳಲು ನನ್ನ ಹತ್ತಿರ ಇರುವುದು ಇಷ್ಟೇ.

ಇನ್ನು ಕತೆಯ ವಿಷಯ. ಅದರಲ್ಲಿ ಗಜ್ಜರಿ, ಮೂಲಂಗಿ, ಹರಿವೆ ಸೊಪ್ಪು ಎಲ್ಲ ಸೇರಿ ಬದನೆಗೆ ‘ನೀನು ನಮ್ಮವನಲ್ಲ’ ಎನ್ನುತ್ತವೆ. ಅಜ್ಜಿ ಬಂದು ಬದನೆಯನ್ನು ಎರಡು ಹೋಳು ಮಾಡಿ ಬೀಜ ತೋರಿಸುತ್ತಾಳೆ. ‘ನೀನು ಹೂವಿನ ಮಗು ಕಣೋ’ ಎನ್ನುತ್ತಾಳೆ. ಕತೆಯ ಜೀವ ಇರುವುದು ಆ ಮಾತಿನಲ್ಲಿ. ನೀವು ಬೀಜಕ್ಕೆ ಅಂಟಿಕೊಂಡು ಹೂವನ್ನು ಬಿಟ್ಟಿರಿ, ಮೇಷ್ಟ್ರೇ.

ಒಂದು ಬದನೆಕಾಯಿ ಕೈಗೆ ತಗೊಳ್ಳಿ. ತೊಟ್ಟಿನ ಹತ್ತಿರ ಮುಳ್ಳುಮುಳ್ಳಾದ ಹಸಿರು ಟೋಪಿ ಇದೆಯಲ್ಲ, ಹೂವು ಮೊಗ್ಗಾಗಿದ್ದಾಗ ಅದನ್ನು ಸುತ್ತಿಕೊಂಡಿದ್ದ ಹಸಿರು ಎಸಳುಗಳೇ ಅವು. ಹೂವಿನ ನೇರಳೆ ದಳ ಉದುರಿಹೋಯಿತು, ಇವು ಉಳಿದು ಕಾಯಿಯ ಜೊತೆಗೇ ಬೆಳೆದವು. ಈಗ ಕಾಯಿಯ ಇನ್ನೊಂದು ತುದಿ ನೋಡಿ. ಅಲ್ಲೊಂದು ಸಣ್ಣ ಚುಕ್ಕೆ, ಒಣಗಿದ ಗಾಯದ ಹಾಗೆ. ಹೂವಿನ ನಡುವೆ ಎದ್ದು ನಿಂತಿದ್ದ ಕೊಳವೆ ಕಳಚಿ ಬಿದ್ದ ಜಾಗ ಅದು. ಟೋಪಿಗೂ ಚುಕ್ಕೆಗೂ ನಡುವೆ ಇರುವುದೆಲ್ಲ ಹೂವಿನ ಬಸಿರು, ಅಂದರೆ ಅಂಡಾಶಯ. ಅದೇ ಉಬ್ಬಿ ಬದನೆಕಾಯಿ ಆಯಿತು. ಸಸ್ಯಶಾಸ್ತ್ರದವರು ಫಲ ಎನ್ನುವುದು ಇದಕ್ಕೆ. ಬೀಜ ಅದಕ್ಕೆ ಸಾಕ್ಷಿ ಅಷ್ಟೆ. ಗಜ್ಜರಿಯಲ್ಲಿ ಈ ಟೋಪಿಯೂ ಇಲ್ಲ, ಚುಕ್ಕೆಯೂ ಇಲ್ಲ. ಅದು ಬೇರು.

ಸುಮ್ನೆ ಬೀಜ ನೋಡಿ ತೀರ್ಮಾನ ಮಾಡಿದರೆ ಮೋಸ ಹೋಗುತ್ತೇವೆ ಎನ್ನುವುದನ್ನು ಒಪ್ಪುತ್ತೇನೆ. ಬಾಳೆಹಣ್ಣಿನಲ್ಲಿ ಮೊಳೆಯುವ ಬೀಜ ಎಲ್ಲಿದೆ? ಆದರೂ ಅದು ಫಲವೇ, ಬಾಳೆಹೂವಿನಿಂದ ಬಂದದ್ದು. ಗೇರು ಇನ್ನೂ ತಮಾಷೆ. ನಾವು ಗೇರುಹಣ್ಣು ಎಂದು ಚೀಪುವುದು ಉಬ್ಬಿದ ತೊಟ್ಟು. ಕೆಳಗೆ ನೇತಾಡುವ ‘ಬೀಜ’ ಇದೆಯಲ್ಲ, ನಿಜವಾದ ಫಲ ಅದೇ.

ಹೂವಿನ ಮಾತು ಬಂತು, ಅದನ್ನು ಅರ್ಧಕ್ಕೆ ಬಿಡಲಾರೆ. ಬದನೆಗಿಡದಲ್ಲಿ ರಾಶಿ ಹೂ ಉದುರುತ್ತದೆ, ಜನ ಗಿಡಕ್ಕೆ ರೋಗ ಎಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ರೋಗವಲ್ಲ. ಒಂದೇ ಗಿಡದಲ್ಲಿ ನಡುಗೊಳವೆ ಉದ್ದ ಇರುವ ಹೂವೂ ಇರುತ್ತದೆ, ಗಿಡ್ಡ ಇರುವ ಹೂವೂ ಇರುತ್ತದೆ. ಹಳದಿ ಕೇಸರಗಳ ಗೊಂಚಲಿನಿಂದ ಹೊರಗೆ ಇಣುಕುವ ಉದ್ದ ಕೊಳವೆಯ ಹೂವು ಕಾಯಿ ಕಟ್ಟುತ್ತದೆ. ಒಳಗೇ ಅಡಗಿದ ಗಿಡ್ಡ ಕೊಳವೆಯದು ಉದುರಿಹೋಗುತ್ತದೆ. ಇನ್ನೊಂದು ಗಮ್ಮತ್ತು ಪರಾಗದ್ದು. ಅದು ಆ ಹಳದಿ ಕೇಸರದ ತುದಿಯ ಸಣ್ಣ ತೂತಿನಿಂದ, ಉಪ್ಪಿನ ಡಬ್ಬಿಯಿಂದ ಉದುರುವ ಹಾಗೆ ಉದುರಬೇಕು. ಗಾಳಿ ಅಲುಗಿಸಿದರೂ ಒಂದಿಷ್ಟು ಉದುರುತ್ತದೆ. ಜಾಸ್ತಿ ಬೇಕಾದರೆ ದಪ್ಪ ಕಪ್ಪು ದುಂಬಿ ಬರಬೇಕು. ಅದು ಹೂವನ್ನು ಅಪ್ಪಿಕೊಂಡು ಗುಂಯ್ ಎಂದು ಮೈ ನಡುಗಿಸುತ್ತದೆ, ಪುಡಿ ಉದುರುತ್ತದೆ. ನಾವು ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಈ ವಿದ್ಯೆ ಬರುವುದಿಲ್ಲ. ಬೆಳಿಗ್ಗೆ ಮೊಮ್ಮಗಳನ್ನು ಗಿಡದ ಹತ್ತಿರ ಕೂರಿಸಿ. ಸದ್ದು ಕೇಳಿಸುತ್ತದೆ.

ಈಗ ನನ್ನ ಹಳೇ ಹುಚ್ಚಿಗೆ ಬರುತ್ತೇನೆ. ಓದುಗರಿಗೆ ಇದು ಹೊಸದಲ್ಲ, ಸಹಿಸಿಕೊಳ್ಳಬೇಕು. ಈ ಹಣ್ಣೋ ತರಕಾರಿಯೋ ಎಂಬ ಜಗಳವೇ ನಮ್ಮದಲ್ಲ, ಇಂಗ್ಲಿಷಿನಿಂದ ಬಂದದ್ದು. ಅವರಿಗೆ ಎಳೆಯದಕ್ಕೂ ಮಾಗಿದ್ದಕ್ಕೂ ಫ್ರೂಟ್ ಒಂದೇ ಮಾತು. ನಮಗೆ ಹಾಗಲ್ಲ. ಹೂವು, ಹೀಚು, ಮಿಡಿ, ಕಾಯಿ, ದೋರೆಗಾಯಿ, ಹಣ್ಣು ಎಂದು ಮೆಟ್ಟಿಲು ಮೆಟ್ಟಿಲಾಗಿ ಇಟ್ಟಿದ್ದೇವೆ. ನೀವು ಬದನೆ‘ಕಾಯಿ’ ಎಂದು ಬರೆದು ಅದು ಫಲ ಅಲ್ಲ ಎನ್ನುತ್ತೀರಲ್ಲ! ಹೆಸರಿನಲ್ಲೇ ಉತ್ತರ ಇದೆ. ಬೆಂಡೆಕಾಯಿ, ಹೀರೇಕಾಯಿ, ಸೌತೆಕಾಯಿ, ಹಾಗಲಕಾಯಿ ಒಂದು ಕಡೆ. ಮೂಲಂಗಿ ಗೆಡ್ಡೆ, ಹರಿವೆ ಸೊಪ್ಪು ಇನ್ನೊಂದು ಕಡೆ. ಮೂಲಂಗಿಕಾಯಿ ತಗೊಂಡು ಬಾ ಎಂದು ಯಾರೂ ಪೇಟೆಗೆ ಚೀಟಿ ಬರೆಯುವುದಿಲ್ಲ. ಟೊಮೇಟೊವನ್ನು ಹಿಂದಿನವರು ಚಪ್ಪರಬದನೆ ಎಂದೂ ಕರೆಯುತ್ತಿದ್ದರು, ಬದನೆಯ ನೆಂಟ ಎಂದು ಕಣ್ಣಲ್ಲೇ ಗುರುತು ಹಿಡಿದಿದ್ದರು. ಇವತ್ತಿಗೂ ಸಂತೆಯಲ್ಲಿ ಕೆಂಪಗಿದ್ದರೆ ಟೊಮೇಟೊ ಹಣ್ಣು, ಹಸಿರಿದ್ದರೆ ಟೊಮೇಟೊ ಕಾಯಿ. ಅದಕ್ಕೆ ವಕೀಲರು ಬೇಕಾಗಲಿಲ್ಲ.

ಹೀಗಾಗಿ ಮೊಮ್ಮಗಳ ಉತ್ತರಕ್ಕೆ ಅರ್ಧ ಅಂಕವನ್ನಾದರೂ ನಾನು ಕೊಡುತ್ತಿದ್ದೆ. ಪೂರ್ತಿ ಯಾಕಿಲ್ಲ ಎಂದರೆ, ನಾವು ತಿನ್ನುವ ಬದನೆ ಫಲ ಹೌದು, ಹಣ್ಣು ಅಲ್ಲ. ಇನ್ನೂ ಕಾಯಿ. ಕತೆಯಲ್ಲಿ ‘ಹಣ್ಣು’ ಎಂದು ಬಿದ್ದದ್ದು ನಮ್ಮ ಮೇಜಿನ ಮೇಲಿನ ತಪ್ಪು. ನಾನು ನಾಲ್ಕನೇ ಕ್ಲಾಸಿನಲ್ಲಿ ಇದ್ದಾಗ ಇದೇ ಗುಂಪು ಮಾಡುವ ಪ್ರಶ್ನೆಗೆ ಸೌತೆಕಾಯಿಯನ್ನು ಎರಡೂ ಕಡೆ ಬರೆದಿದ್ದೆ. ಮನೆಯಲ್ಲಿ ಎಳೇದನ್ನು ಹಸಿಯಾಗಿ ತಿನ್ನುತ್ತಿದ್ದೆವು, ಬಲಿತದ್ದನ್ನು ಹುಳಿಗೆ ಹಾಕುತ್ತಿದ್ದರು. ಎರಡಕ್ಕೂ ಕೆಂಪು ಶಾಯಿಯ ಗೀಟು ಬಿತ್ತು. ಯಾಕೆ ಎಂದು ಕೇಳಿದ್ದಕ್ಕೆ ಕಿವಿಯೂ ಕೆಂಪಾಯಿತು. ಆ ಶಾಲೆಯ ಹೆಸರು ಬೇಡ.

ಕತೆಯಲ್ಲಿ ದೊಡ್ಡ ತಪ್ಪು ಬೇರೆಯೇ ಇದೆ. ಅದು ನಿಮ್ಮ ಕಣ್ಣಿಗೂ ಬೀಳಲಿಲ್ಲ, ಅಚ್ಚಾಗುವ ಮೊದಲು ನನ್ನ ಕಣ್ಣಿಗೂ ಬೀಳಲಿಲ್ಲ. ಅಜ್ಜಿ ಹೆಚ್ಚಿದ ಬದನೆಯ ಬೀಜವನ್ನೇ ಪುಟ್ಟಿ ಹಿತ್ತಲಲ್ಲಿ ಹಾಕುತ್ತಾಳೆ, ಮುಂದಿನ ಪುಟದಲ್ಲಿ ಸಸಿ! ಹಾಗಾಗುವುದಿಲ್ಲ ಮೇಷ್ಟ್ರೇ. ಬದನೆಯನ್ನು ನಾವು ಹೂ ಬಿಟ್ಟ 15-20 ದಿನಕ್ಕೆಲ್ಲ ಕೊಯ್ಯುತ್ತೇವೆ. ಆಗ ಬೀಜ ಬಿಳಿ, ಮೆತ್ತಗೆ, ಹಲ್ಲಿಗೂ ಸಿಗದ ಹಾಗೆ. ಒಳಗೆ ಮೊಳಕೆ ಇನ್ನೂ ಬಲಿತಿರುವುದಿಲ್ಲ. ಬೀಜ ಬಲಿಯಬೇಕಾದರೆ ಕಾಯಿ ಗಿಡದಲ್ಲೇ 50-60 ದಿನ ಇರಬೇಕು. ಆಗ ನೇರಳೆ ಹೋಗಿ ಹಳದಿಗೋ ಕಂದಿಗೋ ತಿರುಗುತ್ತದೆ. ಅದು ಬದನೆಹಣ್ಣು. ಪಲ್ಯಕ್ಕೆ ಬಾರದು, ಕಹಿ. ಗಾಂಧಿ ಬಜಾರಿನಲ್ಲಿ ನಾವು ‘ಬಲಿತು ಹೋಗಿದೆ’ ಎಂದು ಪಕ್ಕಕ್ಕೆ ತಳ್ಳುತ್ತೇವಲ್ಲ, ಅದು ಹಣ್ಣಾಗುವ ದಾರಿಯಲ್ಲಿ ಇದ್ದದ್ದು.

ನಿಮ್ಮ ಪತ್ರಕ್ಕಿಂತ ಮೊದಲೇ ಒಬ್ಬ ಹುಡುಗ ‘ನಂದು ಮೊಳೆಯಲೇ ಇಲ್ಲ’ ಎಂದು ಕಾರ್ಡು ಬರೆದಿದ್ದ. ಅದಕ್ಕೇ ನಾನೂ ಹಾಕಿ ನೋಡಿದೆ. ಪೇಟೆಯಿಂದ ತಂದ ಎಳೇ ಬದನೆಯ 30 ಬೀಜ ಒಂದು ಕುಂಡದಲ್ಲಿ. ಹಿತ್ತಲಿನ ಗಿಡದಲ್ಲಿ ಹಳದಿಯಾದ ಗುಳ್ಳಬದನೆಯ 30 ಬೀಜ ಇನ್ನೊಂದರಲ್ಲಿ. ಒಂಬತ್ತನೇ ದಿನ ಎರಡನೇ ಕುಂಡ ಮಣ್ಣು ಎತ್ತಿತು, ಕೊನೆಗೆ 23 ಸಸಿ. ಮೊದಲನೆಯದು ತಿಂಗಳು ಕಾದರೂ ಹಾಗೇ ಇತ್ತು. ಅದರಲ್ಲಿ ಬಂದದ್ದು ಒಂದು ಹುಲ್ಲು.

ಇದೆಲ್ಲ ನನ್ನ ಅಮ್ಮನಿಗೆ ಗೊತ್ತಿತ್ತು. ಗಟ್ಟಿಯಾದ ಗಿಡ ನೋಡಿ, ಹುಳ ಕೊರೆಯದ ಒಂದು ಕಾಯಿಗೆ ಬಟ್ಟೆಚೂರು ಕಟ್ಟುತ್ತಿದ್ದಳು. ಅದನ್ನು ಕೊಯ್ದವರಿಗೆ ಅವತ್ತು ಊಟ ಇಲ್ಲ. ಪೂರ್ತಿ ಹಳದಿಯಾದ ಮೇಲೆ ಕೊಯ್ದು, ನಾಲ್ಕು ದಿನ ಮೆತ್ತಗಾಗಲು ಬಿಟ್ಟು, ನೀರಿನಲ್ಲಿ ಹಿಸುಕುತ್ತಿದ್ದಳು. ತೇಲಿದ ಜೊಳ್ಳು ಚೆಲ್ಲಿ, ತಳಕ್ಕೆ ಕೂತದ್ದನ್ನು ನೆರಳಲ್ಲಿ ಒಣಗಿಸಿ, ಬೂದಿ ಕಲಸಿ ಇಡುತ್ತಿದ್ದಳು. ನಮ್ಮ ಮಳೆಗಾಲದಲ್ಲಿ ಬೂದಿ ಇಲ್ಲದಿದ್ದರೆ ಬೀಜಕ್ಕೆ ಬೂಷ್ಟು. ಮಟ್ಟು ಗುಳ್ಳದ ಬಗ್ಗೆಯೂ ಹೇಳುವ ಕತೆ ಹಾಗೇ ಅಲ್ವಾ, ವಾದಿರಾಜರು ಜನರಿಗೆ ಕೊಟ್ಟದ್ದು ಕಾಯಿಯಲ್ಲ, ಬೀಜ. ಈಗ ಹಿತ್ತಲು ಇದ್ದವರೂ ಬಣ್ಣದ ಪೊಟ್ಟಣ ತರುತ್ತಾರೆ. ಅದರಲ್ಲಿ ಜಾಸ್ತಿ ಹೈಬ್ರಿಡ್. ಅದರ ಹಣ್ಣಿನ ಬೀಜ ಮೊಳೆಯುತ್ತದೆ, ಆದರೆ ತಾಯಿಯ ಹಾಗೆ ಕಾಯಿ ಬಿಡುತ್ತದೆ ಎಂಬ ಖಾತ್ರಿ ಇಲ್ಲ. ಬದನೆಹಣ್ಣನ್ನೇ ನೋಡದ ಮಕ್ಕಳಿಗೆ ನಾವು ಹಣ್ಣು–ತರಕಾರಿ ಗುಂಪು ಮಾಡಿ ಎನ್ನುತ್ತೇವೆ. ಪುಸ್ತಕದ ಬದನೆಕಾಯಿ ಎಂದರೆ ಇದೇ ಇರಬೇಕು.

ಮುಂದಿನ ಸಂಚಿಕೆಯಲ್ಲಿ ಕತೆಯ ಕೊನೇ ಪುಟ ತಿದ್ದಿ ಮತ್ತೆ ಹಾಕುತ್ತೇವೆ. ಪುಟ್ಟಿ ಒಂದು ಕಾಯಿಗೆ ಬಟ್ಟೆ ಕಟ್ಟಿ ಎರಡು ತಿಂಗಳು ಕಾಯುತ್ತಾಳೆ. ಈ ಪತ್ರಿಕೆಯ ಜೊತೆ ನಿಮ್ಮ ಮೊಮ್ಮಗಳ ಹೆಸರಿಗೆ ಒಂದು ಸಣ್ಣ ಪೊಟ್ಟಣ ಕಳಿಸಿದ್ದೇನೆ. ಒಳಗಿರುವುದು ಗುಳ್ಳದ ಬೀಜ. ಬೂದಿ ಕಂಡು ಕಸ ಎಂದು ಎಸೆಯಬೇಡಿ.