ಏಲರಾನ್ ಫ್ಲಟರ್ ಮತ್ತು ಕೀಲಿನ ಮುಂದಿನ ತೂಕ

ಪ್ರಶ್ನೆ: ವೇಗ ಹೆಚ್ಚಾದಾಗ ವಿಮಾನದ ರೆಕ್ಕೆ ತಾನಾಗಿಯೇ ನಡುಗಿ ಮುರಿಯುವುದೇಕೆ? ತಡೆಯುವುದು ಹೇಗೆ?

ಅಲುಗಾಟವೇ ಗಾಳಿಯಿಂದ ಶಕ್ತಿ ಹೀರಿಕೊಳ್ಳತೊಡಗುವುದರಿಂದ; ಇದನ್ನೇ ಫ್ಲಟರ್ ಎನ್ನುತ್ತಾರೆ. ಏಲರಾನ್ ಎಂದರೆ ರೆಕ್ಕೆಯ ಹಿಂಬದಿಯಲ್ಲಿ ಕೀಲಿನ ಮೇಲೆ ತಿರುಗುವ ಪಟ್ಟಿ. ಅದರ ಭಾರ ಕೀಲಿನ ಹಿಂದಕ್ಕೆ ಬಿದ್ದಿದ್ದರೆ, ರೆಕ್ಕೆ ಮೇಲಕ್ಕೆ ಹಾರಿದಾಗ ಅದು ಹಿಂದುಳಿದು ಕೆಳಗೆ ಬಾಗುತ್ತದೆ. ಹಾಗೆ ಬಾಗಿದ ಏಲರಾನ್ ಎತ್ತುವ ಬಲವನ್ನು ಹೆಚ್ಚಿಸಿ ರೆಕ್ಕೆಯನ್ನು ಇನ್ನೂ ಮೇಲಕ್ಕೆ ತಳ್ಳುತ್ತದೆ. ಇಳಿಯುವಾಗ ಇದೇ ಉಲ್ಟಾ. ಒಂದು ವೇಗ ದಾಟಿದರೆ ಪ್ರತಿ ಸುತ್ತಿನಲ್ಲೂ ಬರುವ ಶಕ್ತಿ ಕಂಪನದಲ್ಲಿ ಸೋರಿಹೋಗುವುದಕ್ಕಿಂತ ಹೆಚ್ಚಾಗುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಕೀಲೇ ಕಿತ್ತುಬರಬಹುದು.

ಅದಕ್ಕೇ ಕೀಲಿನ ಮುಂದೆ ಸೀಸದಂಥ ತೂಕ ಕೂರಿಸಿ ಭಾರವನ್ನು ಸರಿದೂಗಿಸುತ್ತಾರೆ, ರೆಕ್ಕೆ ತಿರುಚಿಕೊಳ್ಳದಂತೆ ಗಟ್ಟಿ ಮಾಡುತ್ತಾರೆ. ಹಲವರು ಮರೆಯುವುದು ಬಣ್ಣವನ್ನು: ಏಲರಾನ್‌ಗೆ ಹೊಸ ಬಣ್ಣ ಬಳಿದರೂ ಹಿಂಭಾಗ ಭಾರವಾಗುತ್ತದೆ, ಸಮತೋಲನವನ್ನು ಮತ್ತೆ ಅಳೆಯಲೇಬೇಕು. ಕೀಲು ಸವೆದು ಸಡಿಲವಾದರೂ ಅಪಾಯವೇ.